ಓರೆ ಕೊಳವೆ ಮತ್ತು ಒಲೆಯ ಸೆಳೆತ



ಕಲಬುರಗಿ ಜಿಲ್ಲೆಯ ಕಮಲಾಪುರದ ಒಂದು ಅಡುಗೆಮನೆ ಅಂತ ಇಟ್ಟುಕೊಳ್ಳಿ. ಕಟ್ಟಿಗೆ ಒಲೆ, ಅದಕ್ಕೆ ಮೂರು ಮೀಟರ್ ಎತ್ತರದ ಹೊಗೆಕೊಳವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ರೂಪಿಸಿದ ಅಸ್ತ್ರ ಒಲೆಯನ್ನು ನೀವು ನೋಡಿರಬಹುದು, ಅಂಥದ್ದು. ಹೊಗೆ ಮೇಲಕ್ಕೆ ಹೋಗಬೇಕಾದರೆ ಕೊಳವೆ ಅದನ್ನು ಸೆಳೆಯಬೇಕು. ಆ ಸೆಳೆತ ಎಷ್ಟು?

ಹೊರಗೆ 40 ಡಿಗ್ರಿ ಬಿಸಿಲು, ಒಳಗಿನ ಹೊಗೆ 150 ಡಿಗ್ರಿ. ಎರಡರ ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ ಸುಮಾರು 0.28 ಕಿಲೋ. ಇದನ್ನು ಗುರುತ್ವ 9.8ರಿಂದಲೂ ಎತ್ತರ 3 ಮೀಟರಿನಿಂದಲೂ ಗುಣಿಸಿದರೆ ಸುಮಾರು 8 ಪಾಸ್ಕಲ್. ಸಾದಾ ‘ಯು’ ಕೊಳವೆಯಲ್ಲಿ ನೀರು ಏರುವುದು 0.8 ಮಿಲಿಮೀಟರ್. ಕಣ್ಣಿಗೆ ಅದು ಅಲುಗಾಡಿದ್ದೇ ತಿಳಿಯದು.

ಇಂಥ ತೊಂದರೆ ಹಳೆಯದು. 1643ರ ಸುಮಾರಿಗೆ ಇಟಲಿಯ ಟೊರಿಚೆಲ್ಲಿ ಗಾಳಿಯ ಭಾರವನ್ನು ಪಾದರಸದ ಕಂಬದಲ್ಲಿ ತೋರಿಸಿದ. ಹವೆ ಬದಲಾದಾಗ ಆ ಕಂಬ ಏರಿಳಿಯುವುದು ಬರೀ ಕೆಲವು ಸೆಂಟಿಮೀಟರ್. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಾರ್ಲಂಡ್ ಕೊಳವೆಯ ಮೇಲಿನ ತುದಿಯನ್ನು ಓರೆಯಾಗಿ ಬಾಗಿಸಿದನೆಂದು ಹೇಳುತ್ತಾರೆ. ಏರಬೇಕಾದ ಎತ್ತರ ಅಷ್ಟೇ, ಆದರೆ ಓರೆ ದಾರಿ ಉದ್ದ. ಗುಡ್ಡಕ್ಕೆ ನೇರ ಹತ್ತುವ ಬದಲು ಸುತ್ತು ರಸ್ತೆ ಹಿಡಿದಂತೆ.

ಓರೆ ಮಾನೋಮೀಟರ್ ಅದೇ ಯುಕ್ತಿಯ ಮೇಲೆ ನಿಂತಿದೆ. ಒಂದು ಕಡೆ ಅಗಲವಾದ ಬುಡ್ಡಿ, ಅದರಿಂದ ಹೊರಟ ಸಣ್ಣ ಓರೆ ಗಾಜಿನ ಕೊಳವೆ. ಬುಡ್ಡಿ ಕೋಣೆಯ ಗಾಳಿಗೆ ತೆರೆದಿರಲಿ, ಕೊಳವೆಯ ತುದಿ ಹೊಗೆಕೊಳವೆಯ ಬುಡಕ್ಕೆ ಸೇರಲಿ. ಒಳಗೆ ಸೀಮೆಎಣ್ಣೆ, ನಮ್ಮ ಕಡೆಯ ಮಾತಿನಲ್ಲಿ ಚಿಮಣಿ ಎಣ್ಣಿ. ಸಾಂದ್ರತೆ ಸುಮಾರು 800. ಹತ್ತಕ್ಕೆ ಒಂದರ ಓರೆ ಇಟ್ಟರೆ ಎಣ್ಣೆ 10 ಮಿಲಿಮೀಟರ್ ಸರಿಯುತ್ತದೆ. ಒತ್ತಡ ಬೇಕೆಂದರೆ ಹಿಂದಕ್ಕೆ ಲೆಕ್ಕ ಹಾಕಿ: 800, 9.8, 0.010 ಮೀಟರ್, 0.1 ಇವನ್ನು ಗುಣಿಸಿದರೆ 7.8 ಪಾಸ್ಕಲ್. ಎಣ್ಣೆ ಸರಿದಾಗ ಬುಡ್ಡಿಯ ಮಟ್ಟವೂ ಕೊಂಚ ಇಳಿಯುತ್ತದೆ. ಕೊಳವೆಯ ಒಳವ್ಯಾಸ 3 ಮಿಲಿಮೀಟರ್, ಬುಡ್ಡಿಯದು 50 ಆದರೆ ಸುಮಾರು ಶೇಕಡಾ 3.6 ಸೇರಿಸಬೇಕು, ಅಂದರೆ 8.1. ಲೆಕ್ಕದ 8ಕ್ಕೆ ಹತ್ತಿರವೇ ಬಂತು. ಒಲೆಯ ಮುಂದೆ ನಿಜವಾಗಿ ಅಳೆದರೆ ಹರಿಯುವ ಹೊಗೆಗೆ ಆಗುವ ತಡೆಯಿಂದಾಗಿ ಇನ್ನೂ ಕಡಿಮೆ ಬರುತ್ತದೆ.

ಎಡವುವುದು ಬೇರೆ ಕಡೆ. ಹತ್ತಕ್ಕೆ ಒಂದು ಅಂದರೆ ಕೋನ ಕೇವಲ 5.7 ಡಿಗ್ರಿ. ಮೇಜು ಅರ್ಧ ಡಿಗ್ರಿ ವಾಲಿದರೂ ಉತ್ತರ ಶೇಕಡಾ 9ರಷ್ಟು ತಪ್ಪುತ್ತದೆ. ಸೊನ್ನೆಗೆ ತಂದು ಕೂಡಿಸಿದರೆ ಸರಿಹೋಯಿತೆಂದು ಹಲವರು ತಿಳಿಯುತ್ತಾರೆ. ಸೊನ್ನೆ ಸರಿಯಾದರೂ ಓರೆ ತಪ್ಪಾಗಿಯೇ ಉಳಿಯುತ್ತದೆ. ಅದಕ್ಕೇ ಉಪಕರಣಕ್ಕೆ ರಸಮಟ್ಟ ಜೋಡಿಸಿರುವುದು. ಓರೆಯನ್ನು ಇನ್ನೂ ತಗ್ಗಿಸಿ ಸೂಕ್ಷ್ಮ ಮಾಡೋಣ ಅಂದರೆ ಎಣ್ಣೆಯ ಅಂಚು ನಾಲಿಗೆಯಂತೆ ಚಾಚಿ, ಯಾವ ಗೆರೆ ಓದಬೇಕೋ ತಿಳಿಯದಾಗುತ್ತದೆ.

ಕಲಬುರಗಿಯ ಬೇಸಿಗೆ ಎಣ್ಣೆಯನ್ನೂ ಬಿಡುವುದಿಲ್ಲ. 20 ಡಿಗ್ರಿಯಿಂದ 40ಕ್ಕೆ ಏರಿದರೆ ಅದರ ಸಾಂದ್ರತೆ ಸುಮಾರು ಶೇಕಡಾ 2 ಇಳಿಯುತ್ತದೆ, ಅಂದಿನ ಸಾಂದ್ರತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಲೆಯ ಸೆಳೆತಕ್ಕಂತೂ ಹೊಡೆತ ಇನ್ನೂ ದೊಡ್ಡದು: 15 ಡಿಗ್ರಿಯ ಚಳಿಗಾಲದ ಬೆಳಿಗ್ಗೆ ಅದೇ ಕೊಳವೆಯಲ್ಲಿ ಎಣ್ಣೆ ಸುಮಾರು 13 ಮಿಲಿಮೀಟರ್ ಸರಿಯಬೇಕು, ಬೇಸಿಗೆ ಮಧ್ಯಾಹ್ನ ಬರೀ 10. ಮಧ್ಯಾಹ್ನದ ರೊಟ್ಟಿ ಸುಡುವಾಗಲೇ ಹೊಗೆ ಮನೆಯೊಳಗೆ ಹೆಚ್ಚು ತಿರುಗುವುದಕ್ಕೆ ಒಂದು ಕಾರಣ ಈ 3 ಮಿಲಿಮೀಟರ್.